ನೀಲಿಯೂ ಅಲ್ಲದ, ಕೆಂಪೂ ಅಲ್ಲದ ಹನಿ: ಜಲಚಕ್ರಕ್ಕೆ ಒಂದು ಐದು ಹಂತದ ಪಾಠಯೋಜನೆ

ಪ್ರಶ್ನೆ: ನಾನು ಬೆಂಗಳೂರಿನ ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ತರಗತಿಯಲ್ಲಿ 42 ಮಕ್ಕಳಿದ್ದಾರೆ, ಪ್ರಯೋಗಾಲಯ ಇಲ್ಲ. ಜಲಚಕ್ರವನ್ನು ಐದು ಹಂತಗಳ ಮಾದರಿಯಲ್ಲಿ ಕಲಿಸಬೇಕು ಎಂದಿದ್ದಾರೆ. ಹಿಂದಿನ ವರ್ಷ ಬಿಸಿನೀರಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ತೋರಿಸಿದೆ. ಮಕ್ಕಳು ವ್ಯಾಖ್ಯೆಯನ್ನು ಸರಿಯಾಗಿ ಬರೆದರು, ಆದರೆ ತಣ್ಣನೆಯ ಲೋಟದ ಹೊರಗಿನ ನೀರು ಎಲ್ಲಿಂದ ಬಂತು ಎಂದು ಕೇಳಿದರೆ "ಒಳಗಿನಿಂದ ಸೋರಿತು" ಎಂದರು. ಚಟುವಟಿಕೆಯನ್ನು ಹೇಗೆ ರೂಪಿಸಬೇಕು, ಐದು ಹಂತಗಳನ್ನು ಹೇಗೆ ಜೋಡಿಸಬೇಕು, ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಮೇಡಂ, ನಿಮ್ಮ ಮಕ್ಕಳು ಕೊಟ್ಟ ಉತ್ತರ ಹೊಸದಲ್ಲ. ನೀರಿನ ಸ್ಥಿತಿ ಬದಲಾವಣೆಯ ಬಗ್ಗೆ ಮಕ್ಕಳ ಕಲ್ಪನೆಗಳೇನು ಎಂಬುದನ್ನು ಆಸ್ಬಾರ್ನ್ ಮತ್ತು ಕಾಸ್‌ಗ್ರೋವ್ ಎಂಬ ಸಂಶೋಧಕರು ನ್ಯೂಜಿಲೆಂಡಿನಲ್ಲಿ ಪರಿಶೀಲಿಸಿ 1983ರಲ್ಲಿ ಪ್ರಕಟಿಸಿದರು. ತಣ್ಣನೆಯ ಗಾಜಿನ ಹೊರಮೈಯ ಹನಿಗಳು ಗಾಜನ್ನು ದಾಟಿ ಬಂದವು ಎನ್ನುವ ವಿವರಣೆ ಅಲ್ಲಿನ ಮಕ್ಕಳಲ್ಲೂ ಕಂಡಿತ್ತು. ಹಾಗೆ ಹೇಳುವ ಮಗು ದಡ್ಡ ಮಗುವಲ್ಲ. ಕಣ್ಣಿಗೆ ಕಾಣುವ ನೀರು ಲೋಟದ ಒಳಗೆ ಇದೆ, ಕಾಣಿಸಿಕೊಂಡ ನೀರು ಲೋಟದ ಹೊರಗೆ ಇದೆ, ನಡುವೆ ಇರುವ ಗಾಳಿಯಲ್ಲಿ ಏನೂ ಕಾಣುವುದಿಲ್ಲ. ಇಷ್ಟೇ ಸಾಕ್ಷ್ಯ ಕೈಯಲ್ಲಿದ್ದರೆ ಸೋರಿಕೆಯೇ ತರ್ಕಬದ್ಧ ಉತ್ತರ. ನೀವು ತೋರಿಸಿದ ಚಟುವಟಿಕೆ ಆ ಉತ್ತರವನ್ನು ಸುಳ್ಳು ಮಾಡುವಂತೆ ರೂಪುಗೊಂಡಿರಲಿಲ್ಲ, ಅದರಲ್ಲಿ ತಟ್ಟೆಯ ಅಡಿ ಹನಿ ಬಂತೆಂಬುದಷ್ಟೇ ತಿಳಿಯುತ್ತಿತ್ತು. ಆದ್ದರಿಂದ ಈ ಪಾಠದ ಯೋಜನೆಯನ್ನು "ಈ ಹನಿ ಎಲ್ಲಿಂದ ಬಂತು?" ಎಂಬ ಒಂದೇ ಪ್ರಶ್ನೆಯ ಸುತ್ತ ಕಟ್ಟಿರೆಂಬುದು ನನ್ನ ಸಲಹೆ. ಸಾಗರ, ಮೋಡ, ಮಳೆ, ನದಿ ಎಂಬ ಬಾಣಗುರುತಿನ ಚಿತ್ರ ಆಮೇಲೆ ಬಂದರೂ ನಷ್ಟವಿಲ್ಲ. ಕಾಣದ ರೂಪದಲ್ಲಿ ನೀರು ಗಾಳಿಯಲ್ಲಿ ಇರಬಲ್ಲದು ಎಂಬುದು ಮನಸ್ಸಿಗೆ ಇಳಿಯದಿದ್ದರೆ ಆ ಚಿತ್ರದ ಮೇಲ್ಮುಖ ಬಾಣ ಬಾಯಿಪಾಠದ ಗೆರೆಯಾಗಿಯೇ ಉಳಿಯುತ್ತದೆ.

ಐದು ಹಂತಗಳ ಮಾದರಿ ಅಮೆರಿಕದ ಬಿಎಸ್‌ಸಿಎಸ್ ಸಂಸ್ಥೆಯಲ್ಲಿ ರಾಜರ್ ಬೈಬಿ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ್ದು. ಅದಕ್ಕೂ ಮೊದಲು ಆಟ್ಕಿನ್ ಮತ್ತು ಕಾರ್ಪ್ಲಸ್ ಮೂರು ಹಂತಗಳ ಕಲಿಕಾ ಚಕ್ರವೊಂದನ್ನು ಮುಂದಿಟ್ಟಿದ್ದರು. ತೊಡಗಿಸುವಿಕೆ, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹೆಸರುಗಳು ನಿಮಗೆ ಗೊತ್ತಿರುವಂಥವೇ. ಈ ಮಾದರಿಯ ಜೀವಾಳ ಇರುವುದು ಎರಡನೆಯ ಮತ್ತು ಮೂರನೆಯ ಹಂತಗಳ ಅನುಕ್ರಮದಲ್ಲಿ: ಮಕ್ಕಳು ಮೊದಲು ಅನುಭವವನ್ನು ಪಡೆಯುತ್ತಾರೆ, ಹೆಸರು ಮತ್ತು ನಿಯಮ ಅದರ ಹಿಂದೆ ಬರುತ್ತವೆ. ನಾನು ನೋಡಿದ ಬಹುಪಾಲು ಪಾಠಯೋಜನೆಗಳಲ್ಲಿ ತೊಡಗಿಸುವಿಕೆಯ ಅಂಕಣದಲ್ಲಿಯೇ "ಇಂದು ನಾವು ಆವಿಯಾಗುವಿಕೆ ಮತ್ತು ಸಾಂದ್ರೀಕರಣದ ಬಗ್ಗೆ ಕಲಿಯೋಣ" ಎಂಬ ವಾಕ್ಯ ಇರುತ್ತದೆ. ಅಲ್ಲಿಗೆ ಉತ್ತರ ಹೊರಬಿದ್ದಂತೆ; ಮುಂದಿನ ಪ್ರಯೋಗವನ್ನು ಮಕ್ಕಳು ಶಿಕ್ಷಕರ ಮಾತನ್ನು ನಿಜಮಾಡಿ ತೋರಿಸಲು ಮಾಡುತ್ತಾರೆ, ಹುಡುಕಲು ಅಲ್ಲ. ನಿಮ್ಮ ಯೋಜನೆಯಲ್ಲಿ ಈ ಎರಡು ಪದಗಳು ಎರಡನೆಯ ಅವಧಿಗೆ ಮೊದಲು ಕರಿಹಲಗೆಯ ಮೇಲೆ ಬರದಂತೆ ನೋಡಿಕೊಳ್ಳಿ.

ನಲವತ್ತು ನಿಮಿಷಗಳ ಎರಡು ಅವಧಿಗಳು ಬೇಕು. ಒಂದರ ಹಿಂದೆ ಒಂದು ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಮೊದಲ ಅವಧಿಯಲ್ಲಿ ತೊಡಗಿಸುವಿಕೆ ಮತ್ತು ಪರಿಶೋಧನೆ ಮುಗಿಸಿ, ಉತ್ತರ ಹೇಳದೆ, ಮಕ್ಕಳ ಬರಹಗಳನ್ನು ಸಂಗ್ರಹಿಸಿಟ್ಟುಕೊಂಡು ನಿಲ್ಲಿಸಿ. ರಾತ್ರಿಯಿಡೀ ಪ್ರಶ್ನೆ ಮಕ್ಕಳ ತಲೆಯಲ್ಲಿ ಉಳಿಯುವುದು ಈ ಪಾಠಕ್ಕೆ ಅನುಕೂಲವೇ.

ತೊಡಗಿಸುವಿಕೆಗೆ ಐದಾರು ನಿಮಿಷ ಸಾಕು. ಫ್ರಿಜ್ಜಿನಲ್ಲಿಟ್ಟ, ಮುಚ್ಚಳ ಬಿಗಿದ ಸ್ಟೀಲ್ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದು, ತರಗತಿಯಲ್ಲಿ ಒರೆಸಿ ಒಣಗಿಸಿ ಮೇಜಿನ ಮೇಲಿಡಿ. ಮೂರ್ನಾಲ್ಕು ನಿಮಿಷಗಳಲ್ಲಿ ಅದು ಬೆವರುತ್ತದೆ. ಆ ನೀರು ಎಲ್ಲಿಂದ ಬಂತು ಎಂದು ಪ್ರತಿ ಮಗುವೂ ಒಂದು ಚೀಟಿಯಲ್ಲಿ ಒಂದೇ ವಾಕ್ಯ ಬರೆಯಲಿ, ಹೆಸರು ಬೇಡ. ಚೀಟಿಗಳಲ್ಲಿನ ಉತ್ತರಗಳನ್ನು ಸರಿ-ತಪ್ಪು ಎನ್ನದೆ ಹಲಗೆಯ ಮೇಲೆ ಗುಂಪು ಮಾಡಿ ಬರೆಯಿರಿ. ಸಾಮಾನ್ಯವಾಗಿ ಮೂರು ಗುಂಪುಗಳಾಗುತ್ತವೆ: ಒಳಗಿನಿಂದ ಸೋರಿತು, ತಂಪು ನೀರಾಯಿತು, ಗಾಳಿಯಿಂದ ಬಂತು. ಮೂರನೆಯದನ್ನು ಬರೆದ ಮಗು ಇದ್ದರೆ ಅದನ್ನು ಹೊಗಳಲು ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. ಈ ಹಂತದಲ್ಲಿ ಮೂರೂ ಪರೀಕ್ಷೆಗೆ ಕಾದಿರುವ ಊಹೆಗಳು. ಒಂದು ಎಚ್ಚರಿಕೆ: ಜುಲೈನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಗಾಳಿಯಲ್ಲಿ ತೇವ ಸಾಕಷ್ಟಿರುವುದರಿಂದ ಬಾಟಲಿ ಚೆನ್ನಾಗಿ ಬೆವರುತ್ತದೆ, ಆದರೆ ಫೆಬ್ರವರಿ-ಮಾರ್ಚ್‌ನ ಒಣ ಮಧ್ಯಾಹ್ನದಲ್ಲಿ ಹನಿಗಳು ಮೂಡುವುದು ನಿಧಾನ, ಕೆಲವೊಮ್ಮೆ ಬರೀ ಮಂಜಿನಂಥ ಪರೆ ಕಾಣುತ್ತದೆ. ಪಾಠ ಆ ತಿಂಗಳುಗಳಲ್ಲಿ ಬಂದರೆ ಬೆಳಗಿನ ಮೊದಲ ಅವಧಿಯನ್ನು ಆರಿಸಿಕೊಳ್ಳಿ.

ಇನ್ನು ಪರಿಶೋಧನೆ. ಯೋಜನೆಯ ಭಾರ ಇರುವುದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಚಟುವಟಿಕೆಯ ತಿರುಳು ಬಣ್ಣ. ಲೋಟದೊಳಗಿನ ನೀರಿಗೆ ನೀಲಿ ಶಾಯಿ ಹಾಕುತ್ತೇವೆ. ಮೇಲೆ ಇಡುವ ಮಂಜುಗಡ್ಡೆಯನ್ನು ಬೀಟ್‌ರೂಟ್ ಬೇಯಿಸಿ ಸೋಸಿದ ಕೆಂಪು ನೀರಿನಿಂದ ಮಾಡುತ್ತೇವೆ. ತಟ್ಟೆಯ ಅಡಿ ಮೂಡುವ ಹನಿ ಕೆಳಗಿನಿಂದ ಸಿಡಿದಿದ್ದರೆ ನೀಲಿಯಾಗಿರಬೇಕು, ಮೇಲಿನಿಂದ ಸೋರಿದ್ದರೆ ಕೆಂಪಾಗಿರಬೇಕು. ಅದು ಎರಡೂ ಆಗಿರುವುದಿಲ್ಲ. ಬಣ್ಣವಿಲ್ಲದ ಆ ಹನಿಯನ್ನು ಮಕ್ಕಳು ಬಿಳಿಯ ಟಿಶ್ಯೂ ಕಾಗದಕ್ಕೆ ಒತ್ತಿ ನೋಡಿದಾಗ ಸೋರಿಕೆಯ ಊಹೆ ತಾನಾಗಿ ಕುಸಿಯುತ್ತದೆ, ನೀವು ಬಾಯಿ ಬಿಡಬೇಕಾಗಿಲ್ಲ.

ಸಾಮಗ್ರಿ ಇಷ್ಟು: ಸುಮಾರು 200 ಮಿಲಿಲೀಟರ್ ಹಿಡಿಯುವ ಒಂದೇ ಅಳತೆಯ ಗಾಜಿನ ಲೋಟಗಳು, ಅವುಗಳ ಬಾಯಿಗಿಂತ ತುಸು ದೊಡ್ಡದಾದ, ಅಂಚು ಎತ್ತರಿಸಿದ ಸಣ್ಣ ಸ್ಟೀಲ್ ತಟ್ಟೆಗಳು, ಶಾಯಿ, ಬಿಳಿ ಟಿಶ್ಯೂ, ಬಾಯಿ ಅಗಲದ ಫ್ಲಾಸ್ಕ್‌ನಲ್ಲಿ ತಂದ ಕೆಂಪು ಮಂಜುಗಡ್ಡೆ, ಮತ್ತು ಬಿಸಿನೀರು. ಪ್ಲಾಸ್ಟಿಕ್ ತಟ್ಟೆ ಬೇಡ. ಅದು ತಂಪನ್ನು ಬೇಗ ದಾಟಿಸುವುದಿಲ್ಲ, ಮಕ್ಕಳು ಕಾದು ಸುಸ್ತಾಗುತ್ತಾರೆ. ತಟ್ಟೆಗೆ ಅಂಚು ಇಲ್ಲದಿದ್ದರೆ ಕರಗಿದ ಕೆಂಪು ನೀರು ಹೊರಗೆ ಹರಿದು ಅಡಿಗೆ ಬಂದುಬಿಡುತ್ತದೆ, ಆಗ ಇಡೀ ಸಾಕ್ಷ್ಯವೇ ಕೆಡುತ್ತದೆ.

ಕುದಿಯುವ ನೀರನ್ನು ನೇರವಾಗಿ ಸುರಿಯಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕುದಿಯುತ್ತದೆ. ಆಗತಾನೆ ಕುದಿಸಿದ ನೀರಿಗೆ ಅಷ್ಟೇ ಪ್ರಮಾಣದ ನಲ್ಲಿ ನೀರು ಬೆರೆಸಿದರೆ 60 ಡಿಗ್ರಿಯ ಹತ್ತಿರ ಬರುತ್ತದೆ, ತಣ್ಣನೆಯ ಲೋಟಕ್ಕೆ ಬಿದ್ದ ಮೇಲೆ ಇನ್ನಷ್ಟು ಇಳಿಯುತ್ತದೆ. ಈ ಚಟುವಟಿಕೆಗೆ ಅಷ್ಟು ಸಾಕು. ಆದರೂ 60 ಡಿಗ್ರಿಯ ನೀರು ಮಕ್ಕಳ ಚರ್ಮವನ್ನು ಕೆಲವೇ ಕ್ಷಣಗಳಲ್ಲಿ ಸುಡಬಲ್ಲದು ಎಂಬುದನ್ನು ನೆನಪಿಡಿ. ಸುರಿಯುವವರು ನೀವೇ ಆಗಿರಬೇಕು, ಲೋಟ ಮೇಜಿನ ಮೇಲೆಯೇ ಇರಬೇಕು, ಬಿಸಿ ಲೋಟವನ್ನು ಯಾವ ಮಗುವೂ ಎತ್ತಿಕೊಂಡು ಓಡಾಡಬಾರದು.

ನಾಲ್ಕು ಬಗೆಯ ಲೋಟಗಳು ಬೇಕು. ಮೊದಲನೆಯದರಲ್ಲಿ ಅರ್ಧದಷ್ಟು, ಅಂದರೆ 100 ಮಿಲಿಲೀಟರ್, ಬಿಸಿ ನೀಲಿ ನೀರು, ತಟ್ಟೆಯ ಮೇಲೆ ನಾಲ್ಕು ತುಂಡು ಕೆಂಪು ಮಂಜುಗಡ್ಡೆ. ಎರಡನೆಯದರಲ್ಲಿ ಬಿಸಿ ನೀಲಿ ನೀರು, ತಟ್ಟೆ ಖಾಲಿ. ಮೂರನೆಯದರಲ್ಲಿ ಕೋಣೆಯ ತಾಪದ ನೀಲಿ ನೀರು, ತಟ್ಟೆಯ ಮೇಲೆ ಮಂಜುಗಡ್ಡೆ. ನಾಲ್ಕನೆಯದು ಒಣ ಖಾಲಿ ಲೋಟ, ತಟ್ಟೆಯ ಮೇಲೆ ಮಂಜುಗಡ್ಡೆ. ಪ್ರತಿ ಗುಂಪೂ ನಾಲ್ಕನ್ನೂ ಮಾಡುವುದು ಬೇಡ. 42 ಮಕ್ಕಳನ್ನು ಆರು ಜನರ ಏಳು ಗುಂಪುಗಳಾಗಿಸಿ, ಎಲ್ಲ ಗುಂಪುಗಳಿಗೂ ಮೊದಲನೆಯ ಲೋಟ ಕೊಡಿ. ಜೊತೆಗೆ ಮೂರು ಗುಂಪುಗಳಿಗೆ ಎರಡನೆಯದು, ಎರಡು ಗುಂಪುಗಳಿಗೆ ಮೂರನೆಯದು, ಉಳಿದ ಎರಡು ಗುಂಪುಗಳಿಗೆ ನಾಲ್ಕನೆಯದು ಇರಲಿ. ಹೀಗೆ ಬಿಸಿನೀರು ಬೇಕಾಗುವುದು ಒಟ್ಟು ಹತ್ತು ಲೋಟಗಳಿಗೆ, ಅಂದರೆ ಒಂದು ಲೀಟರ್. ಅರ್ಧ ಲೀಟರ್ ಕುದಿಸಿದರೆ ಸಾಕು. ಕೊನೆಗೆ ಗುಂಪುಗಳು ಒಂದರ ಮೇಜಿಗೆ ಇನ್ನೊಂದು ಹೋಗಿ ನೋಡುತ್ತವೆ, ಆಗ ಹೋಲಿಕೆ ಮಾಡುವುದು ಅನಿವಾರ್ಯವಾಗುತ್ತದೆ.

ಸುರಿಯುವಾಗ ಲೋಟದ ಮೇಲಿನ ಅರ್ಧ ಗೋಡೆ ಒದ್ದೆಯಾಗಬಾರದು. ಒದ್ದೆಯಾದರೆ "ಸಿಡಿದದ್ದು" ಎನ್ನುವ ಮಗುವಿಗೆ ಬಲವಾದ ಆಧಾರ ಸಿಗುತ್ತದೆ, ಮತ್ತು ಆ ಮಗು ಹೇಳುವುದು ಸರಿಯೂ ಆಗಿರುತ್ತದೆ. ತಟ್ಟೆಯ ಅಡಿಯನ್ನು ಎಲ್ಲರ ಕಣ್ಣೆದುರು ಒರೆಸಿ, ಒಣಗಿದೆ ಎಂದು ಖಚಿತಪಡಿಸಿಕೊಂಡೇ ಮುಚ್ಚಿ. ಮುಚ್ಚುವ ಮೊದಲು ಯಾವ ಲೋಟದಲ್ಲಿ ಹನಿ ಬರುತ್ತದೆ, ಅದರ ಬಣ್ಣ ಏನಿರುತ್ತದೆ ಎಂದು ಪ್ರತಿ ಗುಂಪೂ ಬರೆದಿಡಬೇಕು. ಈ ಬರಹ ಇಲ್ಲದಿದ್ದರೆ ಫಲಿತಾಂಶ ಕಂಡ ಮೇಲೆ ಎಲ್ಲರೂ "ನಾನು ಮೊದಲೇ ಅಂದುಕೊಂಡಿದ್ದೆ" ಎನ್ನುತ್ತಾರೆ. ಆಮೇಲೆ ಎಂಟರಿಂದ ಹತ್ತು ನಿಮಿಷ ತಟ್ಟೆಯನ್ನು ಎತ್ತದೆ ಕಾಯಬೇಕು, ಪಕ್ಕದಿಂದ ನೋಡಿ ಚಿತ್ರ ಬರೆಯಬಹುದು.

ಫಲಿತಾಂಶಗಳಲ್ಲಿ ಎರಡು ಕಡೆ ನಿಮಗೆ ಅಚ್ಚರಿಯಾಗಬಹುದು, ಅವುಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಮೊದಲನೆಯ ಲೋಟದ ತಟ್ಟೆಯಡಿ ದಪ್ಪ ಹನಿಗಳು ಬರುತ್ತವೆ, ಅದು ನಿರೀಕ್ಷಿತ. ಆದರೆ ಮಂಜುಗಡ್ಡೆಯೇ ಇಲ್ಲದ ಎರಡನೆಯ ಲೋಟದಲ್ಲೂ ಹನಿಗಳು ಬರುತ್ತವೆ. ಮಂಜುಗಡ್ಡೆ ಇಲ್ಲದಿದ್ದರೆ ಹನಿ ಬರುವುದಿಲ್ಲ ಎಂದು ಪಾಠಯೋಜನೆಯಲ್ಲಿ ಬರೆದುಕೊಂಡ ಶಿಕ್ಷಕರು ಇಲ್ಲಿ ತಬ್ಬಿಬ್ಬಾಗಿ "ಪ್ರಯೋಗ ಸರಿಯಾಗಲಿಲ್ಲ" ಎಂದುಬಿಡುತ್ತಾರೆ. ಪ್ರಯೋಗ ಸರಿಯಾಗಿಯೇ ಇದೆ. ಐವತ್ತು ಡಿಗ್ರಿಯ ತೇವಗಾಳಿಗೆ ಇಪ್ಪತ್ತೈದು ಡಿಗ್ರಿಯ ತಟ್ಟೆಯೂ ತಣ್ಣನೆಯದೇ; ತಟ್ಟೆ ಕ್ರಮೇಣ ಬಿಸಿಯಾದಂತೆ ಹನಿ ಮೂಡುವುದು ನಿಧಾನವಾಗುತ್ತದೆ, ಮಂಜುಗಡ್ಡೆ ಇರುವ ಕಡೆ ನಿಧಾನವಾಗುವುದಿಲ್ಲ. "ತಣ್ಣನೆ" ಎಂಬುದು ಹೋಲಿಕೆಯ ಮಾತು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಎರಡನೆಯ ಅಚ್ಚರಿ ನಾಲ್ಕನೆಯ ಲೋಟದ್ದು. ಒಣ ಲೋಟದ ಬಾಯಿಯ ವೃತ್ತದೊಳಗೆ ತಟ್ಟೆಯ ಅಡಿ ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ, ಏಕೆಂದರೆ 200 ಮಿಲಿಲೀಟರ್ ಗಾಳಿಯಲ್ಲಿ ಇರುವ ನೀರಾವಿ ಕೆಲವೇ ಮಿಲಿಗ್ರಾಂ. ಆದರೆ ಲೋಟದ ಬಾಯಿಯಿಂದ ಹೊರಗೆ ಚಾಚಿಕೊಂಡ ತಟ್ಟೆಯ ಅಂಚಿನ ಅಡಿ, ಮಳೆಗಾಲವಾದರೆ, ತೇವ ಕೂರುತ್ತದೆ. ತಟ್ಟೆಯನ್ನು ಎತ್ತಿ ತಿರುಗಿಸಿದಾಗ ನಡುವೆ ಒಣ ವೃತ್ತ, ಸುತ್ತ ಒದ್ದೆ ಉಂಗುರ ಕಾಣುತ್ತದೆ. ತಟ್ಟೆ ಒಂದೇ, ಮಂಜುಗಡ್ಡೆ ಒಂದೇ. ವ್ಯತ್ಯಾಸ ಇರುವುದು ಅದಕ್ಕೆ ತಾಗಿದ ಗಾಳಿ ಎಷ್ಟಿತ್ತು ಎಂಬುದರಲ್ಲಿ ಮಾತ್ರ. ಲೋಟದೊಳಗೆ ಸಿಕ್ಕಿಕೊಂಡದ್ದು ಒಂದು ಹಿಡಿ ಗಾಳಿ, ಹೊರಗೆ ಇಡೀ ತರಗತಿಯ ಗಾಳಿ. ನಿಮ್ಮ ಮಕ್ಕಳ "ಸೋರಿತು" ಎಂಬ ಉತ್ತರಕ್ಕೆ ನನಗೆ ತಿಳಿದಂತೆ ಇದೇ ಅತ್ಯಂತ ಗಟ್ಟಿಯಾದ ಎದುರುತ್ತರ, ಹಾಗಾಗಿ ಸಮಯ ಸಾಲದೆ ಯಾವುದಾದರೂ ಲೋಟವನ್ನು ಬಿಡಬೇಕಾಗಿ ಬಂದರೆ ಎರಡನೆಯದನ್ನು ಬಿಡಿ, ನಾಲ್ಕನೆಯದನ್ನು ಬಿಡಬೇಡಿ.

ಮೂರನೆಯ ಲೋಟದಲ್ಲಿ ಸಣ್ಣ ಮಂಜಿನಂಥ ಪರೆ ಬರುತ್ತದೆ. ಅದು ಕಡಿಮೆ ಎಂದು ಕಡೆಗಣಿಸಬೇಡಿ. ಬಿಸಿ ಮಾಡದ ನೀರೂ ಗಾಳಿಗೆ ಏರುತ್ತದೆ ಎಂಬುದಕ್ಕೆ ಅದೊಂದೇ ಸಾಕ್ಷಿ. ಅದು ಇಲ್ಲದಿದ್ದರೆ ಕುದಿದರೆ ಮಾತ್ರ ಆವಿ ಎಂಬ ತಪ್ಪು ಕಲ್ಪನೆಯನ್ನು ನಾವೇ ಕೈಯಾರೆ ಬಿತ್ತಿದಂತಾಗುತ್ತದೆ. ಒಲೆಯ ಮೇಲೆ ಪಾತ್ರೆಯಿಟ್ಟು ಜಲಚಕ್ರ ತೋರಿಸುವ ರೂಢಿಯ ಬಗ್ಗೆ ನನಗಿರುವ ಮುಖ್ಯ ತಕರಾರು ಇದೇ. ಅರಬ್ಬಿ ಸಮುದ್ರ ಎಂದೂ ಕುದಿದಿಲ್ಲ.

ವಿವರಣೆಯ ಹಂತ ಎರಡನೆಯ ಅವಧಿಯ ಮೊದಲ ಹದಿನೈದು ನಿಮಿಷ. ಮೊದಲು ಮಾತನಾಡಬೇಕಾದವರು ಮಕ್ಕಳು. ಹಿಂದಿನ ದಿನ ಹಲಗೆಯ ಮೇಲಿದ್ದ ಮೂರು ಊಹೆಗಳನ್ನು ಮತ್ತೆ ಬರೆದು, ಯಾವ ಲೋಟ ಯಾವ ಊಹೆಯನ್ನು ಹೊಡೆದುಹಾಕಿತು ಎಂದು ಗುಂಪುಗಳೇ ಹೇಳಲಿ. "ತಂಪು ನೀರಾಯಿತು" ಎಂಬ ಊಹೆ ಬೀಳುವುದು ನಾಲ್ಕನೆಯ ಲೋಟದ ಒಣ ವೃತ್ತದಿಂದ: ಅಲ್ಲೂ ಅಷ್ಟೇ ತಂಪು ಇತ್ತು, ಹನಿ ಮಾತ್ರ ಇರಲಿಲ್ಲ. ಗಾಳಿಯೊಂದೇ ಉಳಿದಾಗ ನೀವು ಪದಗಳನ್ನು ಕೊಡಿ: ನೀರು ಕಾಣದ ನೀರಾವಿಯಾಗಿ ಗಾಳಿ ಸೇರುವುದು ಆವಿಯಾಗುವಿಕೆ, ಆ ನೀರಾವಿ ತಣಿದು ಮತ್ತೆ ದ್ರವವಾಗುವುದು ಸಾಂದ್ರೀಕರಣ. ಶಾಯಿ ಏಕೆ ಮೇಲೇರಲಿಲ್ಲ ಎಂದು ಕೇಳಿದರೆ, ನೀರು ಏರುವಾಗ ತನ್ನಲ್ಲಿ ಕರಗಿದ್ದನ್ನು ಬಿಟ್ಟು ಏರುತ್ತದೆ ಎಂಬ ಉತ್ತರ ಅವರಿಂದಲೇ ಬರುತ್ತದೆ. ಸಮುದ್ರ ಉಪ್ಪಾಗಿದ್ದರೂ ಮಳೆ ಏಕೆ ಉಪ್ಪಲ್ಲ ಎಂಬ ಪ್ರಶ್ನೆಗೆ ಅಲ್ಲಿಂದ ಒಂದೇ ಹೆಜ್ಜೆ. ಕೊಳವೆಬಾವಿ ನೀರು ಒಣಗಿದ ಬಕೆಟ್ಟಿನ ಬಿಳಿ ಕಲೆಯನ್ನು ನೋಡಿರುವ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗುವುದಿಲ್ಲ.

ನಿಮ್ಮ ತಿಳಿವಿಗಾಗಿ ಒಂದು ಅಂಕಿ: ಒಂದು ಘನ ಮೀಟರ್ ಗಾಳಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದಾದರೆ 20 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 17 ಗ್ರಾಂ. ತಣಿದಾಗ ಹೆಚ್ಚಾದದ್ದು ಹನಿಯಾಗುತ್ತದೆ. ಮಕ್ಕಳಿಗೆ ಈ ಅಂಕಿ ಬೇಡ, ಆದರೆ "ಎಷ್ಟು ತಣಿದರೆ ಹನಿ?" ಎಂದು ಯಾರಾದರೂ ಕೇಳಿದರೆ, ಅದು ಗಾಳಿಯಲ್ಲಿ ಎಷ್ಟು ತೇವವಿದೆ ಎಂಬುದರ ಮೇಲೆ ನಿಂತಿದೆ ಎಂದು ಹೇಳುವ ಧೈರ್ಯ ನಿಮಗಿರುತ್ತದೆ.

ಮಾದರಿಯ ಮಿತಿಗಳನ್ನೂ ಇದೇ ಹಂತದಲ್ಲಿ ಬಾಯಿಬಿಟ್ಟು ಹೇಳಬೇಕು. ಆಕಾಶದಲ್ಲಿ ಮಂಜುಗಡ್ಡೆಯ ತಟ್ಟೆ ಇಲ್ಲ. ಅಲ್ಲಿ ಗಾಳಿ ತಣಿಯುವುದು ಮೇಲೇರಿ ಹಿಗ್ಗುವುದರಿಂದ. ಮೋಡ ಕಟ್ಟದ ಗಾಳಿ ಒಂದು ಕಿಲೋಮೀಟರ್ ಏರಿದರೆ ಸುಮಾರು ಹತ್ತು ಡಿಗ್ರಿ ತಣಿಯುತ್ತದೆ. ಸೈಕಲ್ ಟ್ಯೂಬಿನ ವಾಲ್ವ್ ಒತ್ತಿ ಹೊರಬರುವ ಗಾಳಿಗೆ ಬೆರಳು ಹಿಡಿಯಲು ಹೇಳಿ, ಹಿಗ್ಗುವ ಗಾಳಿ ತಂಪು ಎಂಬುದು ಬೆರಳಿಗೇ ತಿಳಿಯುತ್ತದೆ. ಹನಿ ಕೂರಲು ತಟ್ಟೆಯ ಬದಲು ಅಲ್ಲಿ ಧೂಳು, ಉಪ್ಪು, ಹೊಗೆಯ ಸೂಕ್ಷ್ಮ ಕಣಗಳಿವೆ. ಏಪ್ರಿಲ್-ಮೇ ತಿಂಗಳಲ್ಲಿ ಬೆಳಗ್ಗೆಯೆಲ್ಲ ಸುಡುವ ಬಿಸಿಲಿದ್ದು ಸಂಜೆ ಗುಡುಗಿನೊಂದಿಗೆ ಸುರಿಯುವ ನಮ್ಮೂರ ಮಳೆ ಇದಕ್ಕೆ ಸಿದ್ಧ ಉದಾಹರಣೆ: ನೆಲ ಕಾದು, ತೇವಗಾಳಿ ಮೇಲೇರಿ, ಹಿಗ್ಗಿ, ತಣಿದು, ಮೋಡವಾಗುತ್ತದೆ. ಮೋಡ ನೀರಾವಿಯಲ್ಲ ಎಂಬುದನ್ನೂ ಇಲ್ಲಿಯೇ ಸ್ಪಷ್ಟಪಡಿಸಿ. ನೀರಾವಿ ಕಾಣುವುದಿಲ್ಲ, ಕಾಣುವ ಮೋಡ ಸಣ್ಣ ಹನಿಗಳದ್ದೋ ಹಿಮದ ಹರಳುಗಳದ್ದೋ ರಾಶಿ. ಇಡ್ಲಿ ಪಾತ್ರೆಯಿಂದ ಏಳುವ ಬಿಳಿ "ಹಬೆ" ಕೂಡ ಆಗಲೇ ಹನಿಯಾಗಿರುವ ನೀರೇ.

ವಿಸ್ತರಣೆಗೆ ಬೆಂಗಳೂರೇ ಸಾಕು, ಪಠ್ಯದ ಸಾಗರತೀರ ಬೇಡ. ಹದಿನೈದು ನಿಮಿಷದ ಕೆಲಸ ಇದು. ಮೊದಲು ಒಂದು ಲೆಕ್ಕ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ನಿಮ್ಮ ಶಾಲೆಯ ಒಂದು ಕೋಣೆಯ ಸಾಲಿನ ಚಾವಣಿ 10 ಮೀಟರ್ ಉದ್ದ, 8 ಮೀಟರ್ ಅಗಲ ಎಂದುಕೊಳ್ಳೋಣ. 10 ಮಿಲಿಮೀಟರ್ ಮಳೆಯಲ್ಲಿ ಅದರ ಮೇಲೆ ಬೀಳುವುದು 800 ಲೀಟರ್. ಮಕ್ಕಳು ಹಗ್ಗ ಹಿಡಿದು ಅಳೆದ ನಿಜವಾದ ಅಳತೆಯಿಂದಲೇ ಲೆಕ್ಕ ಮಾಡಿಸಿ. ಆಮೇಲೆ ಆ 800 ಲೀಟರ್ ಎಲ್ಲಿಗೆ ಹೋಯಿತು ಎಂದು ಕೇಳಿ. ಒಂದಷ್ಟು ಚಾವಣಿಯಿಂದಲೇ ಆವಿಯಾಯಿತು, ಅಂಗಳದಲ್ಲಿ ಮಣ್ಣಿದ್ದರೆ ಒಂದಷ್ಟು ಇಂಗಿತು, ಸಿಮೆಂಟಿದ್ದರೆ ಚರಂಡಿಗೆ ಹೋಯಿತು, ಬೇವಿನ ಮರ ಹೀರಿದ್ದು ಎಲೆಗಳ ಮೂಲಕ ಮತ್ತೆ ಗಾಳಿ ಸೇರಿತು.

ಚರಂಡಿಯಿಂದ ಮುಂದಿನ ದಾರಿ ಇನ್ನೂ ಸ್ವಾರಸ್ಯಕರ. ಬೆಂಗಳೂರು ಒಂದು ದಿಣ್ಣೆಯ ಬೆನ್ನಿನ ಮೇಲೆ ಕೂತಿದೆ. ಬಸವನಗುಡಿಯ ಕಡೆ ಬಿದ್ದ ಮಳೆ ವೃಷಭಾವತಿ ಸೇರಿ, ಅರ್ಕಾವತಿಯ ಮೂಲಕ ಕನಕಪುರದ ಆಚೆಯ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ, ನಿಮ್ಮ ಕೆ.ಆರ್. ಪುರದ ಕಡೆ ಬಿದ್ದದ್ದು ಕೆರೆಗಳ ಸಾಲನ್ನು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ಎರಡೂ ಕೊನೆಗೆ ಮುಟ್ಟುವುದು ಬಂಗಾಳ ಕೊಲ್ಲಿಯನ್ನೇ. ಇನ್ನು ನಲ್ಲಿಯ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗುತ್ತ ಸುಮಾರು ನೂರು ಕಿಲೋಮೀಟರ್ ದೂರ ಬರುತ್ತದೆ, ಸುಮಾರು 500 ಮೀಟರ್ ಎತ್ತರಕ್ಕೆ ಏರುತ್ತದೆ. ಪಠ್ಯದ ಚಿತ್ರದಲ್ಲಿ ನೀರನ್ನು ಎತ್ತುವವನು ಸೂರ್ಯನೊಬ್ಬನೇ. ನಮ್ಮೂರಿನಲ್ಲಿ ವಿದ್ಯುತ್ ಕೂಡ ಎತ್ತುತ್ತದೆ. ಗುಂಪುಗಳು ಚಿತ್ರ ಬರೆಯುವಾಗ ಸೂರ್ಯ ಎತ್ತಿದ ಬಾಣಗಳಿಗೆ ಒಂದು ಬಣ್ಣ, ಇಳಿಜಾರಿನಲ್ಲಿ ತಾನೇ ಹರಿದ ಬಾಣಗಳಿಗೆ ಇನ್ನೊಂದು, ಪಂಪು ಎತ್ತಿದ ಬಾಣಗಳಿಗೆ ಮತ್ತೊಂದು ಬಣ್ಣ ಬಳಸಲಿ. ಕೊಳವೆಬಾವಿಯ ಬಾಣ ಯಾವ ಬಣ್ಣದ್ದು ಎಂಬ ಚರ್ಚೆ ತಾನಾಗಿ ಹುಟ್ಟುತ್ತದೆ. ಚಿತ್ರ ಒಂದು ಸುತ್ತಿನ ವೃತ್ತವಾಗದೆ ಕವಲೊಡೆದ ಜಾಲದಂತಾದರೆ ಅದನ್ನು ತಿದ್ದಬೇಡಿ, ನಿಜ ಇರುವುದೇ ಹಾಗೆ.

ಮೌಲ್ಯಮಾಪನಕ್ಕೆ ಕೊನೆಯ ಹತ್ತು ನಿಮಿಷ. "ಆವಿಯಾಗುವಿಕೆ ಎಂದರೇನು?" ಎಂಬ ಪ್ರಶ್ನೆ ನಿಮ್ಮ ತೊಂದರೆಯನ್ನು ಮರೆಮಾಚುತ್ತದೆಯೇ ಹೊರತು ತೋರಿಸುವುದಿಲ್ಲ. ಅದರ ಬದಲು ಎರಡೇ ಪ್ರಶ್ನೆ ಕೇಳಿ. ಮೊದಲನೆಯದು: ಫ್ರಿಜ್ಜಿನಿಂದ ತೆಗೆದ, ಮುಚ್ಚಳ ಬಿಗಿದ, ಒರೆಸಿದ ಬಾಟಲಿಯನ್ನು ತಕ್ಕಡಿಯಲ್ಲಿಟ್ಟು ಹತ್ತು ನಿಮಿಷ ಬಿಟ್ಟರೆ ತೂಕ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ, ಅಷ್ಟೇ ಇರುತ್ತದೆಯೇ, ಏಕೆ? ಸೋರಿಕೆಯನ್ನು ನಂಬುವ ಮಗು "ಅಷ್ಟೇ" ಎನ್ನುತ್ತದೆ, ಏಕೆಂದರೆ ಒಳಗಿನ ನೀರು ಹೊರಗೆ ಬಂದರೆ ಒಟ್ಟು ತೂಕ ಬದಲಾಗದು. ಗಾಳಿಯಿಂದ ಬಂತೆಂದು ಅರಿತ ಮಗು ಮಾತ್ರ "ಹೆಚ್ಚುತ್ತದೆ" ಎನ್ನುತ್ತದೆ. ಕಿರಾಣಿ ಅಂಗಡಿಯಲ್ಲಿರುವಂಥ, ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಎರವಲು ಸಿಕ್ಕರೆ ಮಳೆಗಾಲದಲ್ಲಿ ದೊಡ್ಡ ಬಾಟಲಿಯಿಂದ ಇದನ್ನು ಮಾಡಿಯೂ ತೋರಿಸಬಹುದು. ಒಣ ಹವೆಯಲ್ಲಿ ಏರಿಕೆ ಒಂದು ಗ್ರಾಂ ಮುಟ್ಟದೆ ಇರಬಹುದು, ಆಗ ತೋರಿಸಲು ಹೋಗಬೇಡಿ. ಎರಡನೆಯ ಪ್ರಶ್ನೆ: ರಾತ್ರಿ ಮನೆಯೊಳಗೆ ಹರವಿದ ಒದ್ದೆ ಬಟ್ಟೆ ಬಿಸಿಲಿಲ್ಲದೆ ಹೇಗೆ ಒಣಗುತ್ತದೆ? "ಫ್ಯಾನ್ ಗಾಳಿ ನೀರನ್ನು ಕುಡಿಯಿತು" ಎಂಬಂಥ ಉತ್ತರಕ್ಕೆ ಅರ್ಧ ಅಂಕ ಕೊಡಿ. ಆ ನೀರು ಈಗ ಕೋಣೆಯ ಗಾಳಿಯಲ್ಲಿ ಕಾಣದಂತೆ ಇದೆ ಎಂದು ಬರೆದರೆ ಪೂರ್ಣ ಅಂಕ.

ಮೊದಲ ಪ್ರಶ್ನೆಗೆ ಕಾಲು ಭಾಗಕ್ಕಿಂತ ಹೆಚ್ಚು ಮಕ್ಕಳು ಇನ್ನೂ "ಅಷ್ಟೇ" ಎಂದು ಬರೆದರೆ ಪಾಠವನ್ನು ಮತ್ತೆ ಹೇಳಬೇಡಿ. ಮರುದಿನ ಹಾಜರಿ ತೆಗೆದುಕೊಳ್ಳುವ ಮೊದಲು ಒಂದು ಒಣ, ಖಾಲಿ ಸ್ಟೀಲ್ ಲೋಟವನ್ನು ಮುಚ್ಚಳವಿರುವ ಡಬ್ಬಿಯೊಳಗೆ ಮಂಜುಗಡ್ಡೆಯ ನಡುವೆ, ಒಳಕ್ಕೆ ನೀರು ಹೋಗದಂತೆ ಕಾಲು ಗಂಟೆ ಇಟ್ಟು, ಹೊರತೆಗೆದು, ಹೊರಮೈಯನ್ನು ಒರೆಸಿ, "ಸೋರಿತು" ಎಂದು ಬರೆದ ಮಕ್ಕಳ ಕೈಗೇ ಕೊಡಿ. ಸೋರಲು ಒಳಗೆ ನೀರೇ ಇಲ್ಲದ ಲೋಟ ಬೆವರುವುದನ್ನು ನೋಡಿದ ಮೇಲೆ ಅದೇ ಪ್ರಶ್ನೆಗೆ ಅವರು ಇನ್ನೊಮ್ಮೆ ಉತ್ತರ ಬರೆಯಲಿ, ಹಳೆಯ ಉತ್ತರವನ್ನು ಅಳಿಸದೆ ಅದರ ಕೆಳಗೆ.